31 ರೂಪಾಯಿ 25 ಪೈಸೆಯ ಕ್ಲಾಬ್ಯಾಕ್

ಪೇಮೆಂಟ್ ಆ್ಯಪ್ ಕಂಪನಿಯೊಂದರ ಆಫರ್ ಟೀಮ್‌ನಲ್ಲಿ ನನ್ನ ಕೆಲಸ. ಬ್ಯಾನರ್ ಮೇಲೆ "10% ಕ್ಯಾಶ್‌ಬ್ಯಾಕ್" ಅಂತ ದಪ್ಪಕ್ಷರದಲ್ಲಿ ಬರೆಯುವವರು ಮಾರ್ಕೆಟಿಂಗ್‌ನವರು. ಅದರ ಕೆಳಗಿನ ಸಣ್ಣಕ್ಷರದ ಷರತ್ತುಗಳನ್ನು ಕಾನ್ಫಿಗ್‌ಗೆ, ಅಂದರೆ ಸಿಸ್ಟಮ್‌ನ ಸೆಟ್ಟಿಂಗ್‌ಗಳಿಗೆ, ತುಂಬುವವರು ನಾವು. ಗಲಾಟೆ ಆಗುವುದು ಯಾವಾಗಲೂ ಸಣ್ಣಕ್ಷರದಲ್ಲೇ.

ಒಂದು ದೀಪಾವಳಿಗೆ ಬಟ್ಟೆ ಬ್ರ್ಯಾಂಡ್ ಒಂದರ ಜೊತೆ ಸೇರಿ ಆಫರ್ ಬಿಟ್ಟಿದ್ದೆವು. 1,499 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಖರೀದಿಗೆ 10% ಕ್ಯಾಶ್‌ಬ್ಯಾಕ್, ಗರಿಷ್ಠ 150, ಒಬ್ಬರಿಗೆ ಒಂದೇ ಸಲ. ಸ್ವಲ್ಪ ಲೆಕ್ಕ ಹಾಕಿ ನೋಡಿ. 1,499ಕ್ಕೆ 10% ಅಂದರೆ 149.90. ನಮ್ಮ ಸಿಸ್ಟಮ್ ಪೈಸೆ ಕತ್ತರಿಸುತ್ತದೆ, ಹಾಗಾಗಿ 149. 1,500ಕ್ಕೆ 150. ಅಲ್ಲಿಂದ ಮುಂದೆ ಎಷ್ಟೇ ಕೊಂಡರೂ 150. 5,000 ರೂಪಾಯಿಯ ಬಟ್ಟೆ ತೆಗೆದುಕೊಂಡವರಿಗೆ ಸಿಕ್ಕಿದ್ದು 3%. ಅಂದರೆ ಆ 10% ಅನ್ನೋದು ಶೋಕಿಗೆ. ನಿಜವಾದ ಆಫರ್ "1,500 ದಾಟಿಸಿ, 150 ತಗೊಳ್ಳಿ" ಅಷ್ಟೇ. ಕನಿಷ್ಠ ಮೊತ್ತವೂ ಗರಿಷ್ಠ ಮಿತಿಯಾದ ಕ್ಯಾಪ್ ಮುಟ್ಟುವ ಮೊತ್ತವೂ ಒಂದೇ ಕಡೆ ಬಂದು ನಿಂತರೆ ಹೀಗೇ ಆಗುವುದು. ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸಿದೆವು. ಇದರ ಪರಿಣಾಮ ಏನು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಕ್ಯಾಶ್‌ಬ್ಯಾಕ್ ಯಾವಾಗ ಹಾಕಬೇಕು ಅನ್ನುವುದರ ಮೇಲೂ ವಾದ ನಡೆದಿತ್ತು. ಬಟ್ಟೆ ಅಂದಮೇಲೆ ರಿಟರ್ನ್ ಇದ್ದೇ ಇರುತ್ತದೆ. ಸೈಜ್ ಆಗಲ್ಲ, ಬಣ್ಣ ಫೋಟೊದಲ್ಲಿದ್ದ ಹಾಗಿಲ್ಲ. ಹಾಗಾಗಿ ರಿಟರ್ನ್ ಅವಧಿ ಮುಗಿಯುವವರೆಗೆ ಕ್ಯಾಶ್‌ಬ್ಯಾಕನ್ನು ಪೆಂಡಿಂಗ್‌ನಲ್ಲಿ ಇಟ್ಟು, ಆಮೇಲೆ ಕ್ರೆಡಿಟ್ ಮಾಡೋಣ ಅಂದೆವು. ಮಾರ್ಕೆಟಿಂಗ್‌ನವರು ಒಪ್ಪಲಿಲ್ಲ. ಹಬ್ಬದ ದಿನ "24 ಗಂಟೆಯಲ್ಲಿ" ಅಂತ ಹಾಕದಿದ್ದರೆ ಯಾರು ಬರ್ತಾರೆ ಅಂದರು. ಸರಿ, ಮೊದಲು ಕೊಡುವುದು, ಬಟ್ಟೆ ವಾಪಸ್ ಬಂದರೆ ಕ್ಲಾಬ್ಯಾಕ್ ಮಾಡುವುದು, ಅಂದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಅಂತ ತೀರ್ಮಾನವಾಯಿತು. ಕ್ಲಾಬ್ಯಾಕ್ ಹಣ ರೀಫಂಡ್‌ನಲ್ಲೇ ಕಟ್.

ಎಷ್ಟು ಕಟ್ ಮಾಡಬೇಕು ಅನ್ನುವ ನಿಯಮಕ್ಕೆ ಓಕೆ ಕೊಟ್ಟಿದ್ದು ನಾನು. ಹಿಂದಿನ ದಿನಸಿ ಆಫರ್‌ನಲ್ಲಿ ಇದ್ದದ್ದನ್ನೇ ತಂದೆವು: ಖರೀದಿಯಲ್ಲಿ ಎಷ್ಟು ಪಾಲು ವಾಪಸ್ ಬಂತೋ, ಕ್ಯಾಶ್‌ಬ್ಯಾಕ್‌ನಲ್ಲೂ ಅಷ್ಟೇ ಪಾಲು ಕಟ್. ಟೆಸ್ಟ್ ಕೇಸ್‌ಗಳೂ ಅಲ್ಲಿಂದಲೇ ಬಂದವು. 1,000 ರೂಪಾಯಿ ಖರೀದಿ, 100 ಕ್ಯಾಶ್‌ಬ್ಯಾಕ್, 400 ವಾಪಸ್, 40 ಕಟ್. ಹಸಿರು ಟಿಕ್. ಆ ದಿನಸಿ ಆಫರ್‌ನಲ್ಲಿ ಕನಿಷ್ಠ ಮೊತ್ತ ಬರೀ 199 ಇತ್ತು, ಕ್ಯಾಪ್ 150. ಹೆಚ್ಚಿನವರು ಕ್ಯಾಪ್ ಹತ್ತಿರಕ್ಕೇ ಬರುತ್ತಿರಲಿಲ್ಲ. ಅಲ್ಲಿ ಪ್ರತಿ ರೂಪಾಯಿಯೂ ತನ್ನ ಹತ್ತು ಪೈಸೆ ಗಳಿಸುತ್ತಿತ್ತು, ವಾಪಸ್ ಹೋದಾಗ ಅದೇ ಹತ್ತು ಪೈಸೆ ಹೋಗುತ್ತಿತ್ತು. ಲೆಕ್ಕ ತಾಳೆಯಾಗುತ್ತಿತ್ತು.

ಹಬ್ಬ ಮುಗಿಯುತ್ತಿದ್ದಂತೆ ರಿಟರ್ನ್‌ಗಳು ಶುರುವಾದವು. ಸೋಮವಾರ ಬೆಳಿಗ್ಗೆ ಸಪೋರ್ಟ್ ಕ್ಯೂನಲ್ಲಿ "ರೀಫಂಡ್ ಕಡಿಮೆ ಬಂದಿದೆ" ಟ್ಯಾಗ್ ಏರತೊಡಗಿತು. ನಾನು ಒಂದೆರಡು ತೆರೆದು ನೋಡಿದೆ. ಷರತ್ತಿನಲ್ಲಿ "ಅನುಪಾತದಲ್ಲಿ ಹೊಂದಿಸಲಾಗುವುದು" ಅಂತ ಇದ್ದೇ ಇದೆ. ಸಪೋರ್ಟ್‌ನವರಿಗೆ ರೆಡಿ ಉತ್ತರ ಬರೆದುಕೊಟ್ಟು, ಅದೇ ಹಾಕಿ ಕ್ಲೋಸ್ ಮಾಡಿ ಅಂದೆ. ಷರತ್ತು ಓದದೆ ದೂರು ಕೊಡ್ತಾರೆ ಅಂತ ಕಾಫಿ ಕುಡಿಯುತ್ತಾ ಗೊಣಗಿದ್ದೂ ಉಂಟು.

ಹತ್ತು ಮುಕ್ಕಾಲಿಗೆ ಒಂದು ಟಿಕೆಟ್ ರೀ-ಓಪನ್ ಆಯಿತು. ಶಿವಮೊಗ್ಗದ ಗ್ರಾಹಕಿ. ಸೀರೆ 1,100, ಶರ್ಟ್ 800, ಮಗುವಿನ ಬಟ್ಟೆ 500, ಕೂಪನ್ ಕಳೆದ ಮೇಲೆ ಒಟ್ಟು 2,400. ಡೆಲಿವರಿಗೆ 49 ಬೇರೆ. ಡೆಲಿವರಿ ಚಾರ್ಜ್ ಕ್ಯಾಶ್‌ಬ್ಯಾಕ್ ಲೆಕ್ಕಕ್ಕೆ ಬರುವುದಿಲ್ಲ, ಕೂಪನ್‌ನಲ್ಲಿ ಕಳೆದದ್ದೂ ಬರುವುದಿಲ್ಲ. 2,400ಕ್ಕೆ 10% ಅಂದರೆ 240, ಕ್ಯಾಪ್ ತಗುಲಿ 150 ಬಂದಿದೆ. ಮಗುವಿನ ಬಟ್ಟೆ ಚಿಕ್ಕದಾಯಿತು ಅಂತ ವಾಪಸ್ ಮಾಡಿದ್ದಾರೆ. 500 ಬರಬೇಕಾದಲ್ಲಿ ಬ್ಯಾಂಕಿನಿಂದ 468.75ರ ಮೆಸೇಜ್ ಬಂದಿದೆ. ಅವರು ಬರೆದದ್ದು ಇಷ್ಟು: "ಸರ್, ನಾನು ಮೊದಲೇ ಮಗುವಿನ ಬಟ್ಟೆ ಬಿಟ್ಟು 1,900ಕ್ಕೆ ಮಾತ್ರ ತಗೊಂಡಿದ್ರೂ ನಿಮ್ಮ ಆಫರ್ ಪ್ರಕಾರ 150 ಬರ್ತಿತ್ತಲ್ವಾ? ಹಾಗಾದ್ರೆ 31 ರೂಪಾಯಿ 25 ಪೈಸೆ ಯಾಕೆ ತಗೊಂಡ್ರಿ?"

ಎರಡು ಸಲ ಓದಿದೆ. ಕ್ಯಾಲ್ಕ್ಯುಲೇಟರ್ ಬೇಕಾಗಲಿಲ್ಲ. ಅವರು ಹೇಳಿದ್ದು ಸರಿ. 1,500ರ ಮೇಲಿನ 900 ರೂಪಾಯಿ ಒಂದು ಪೈಸೆಯನ್ನೂ ಗಳಿಸಿರಲಿಲ್ಲ. ಗಳಿಸದ್ದನ್ನು ನಾವು ವಾಪಸ್ ಕಿತ್ತುಕೊಂಡಿದ್ದೆವು.

ತಮಾಷೆ ಅಂದರೆ ಅದೇ ನಿಯಮ ಇನ್ನೊಂದು ಕಡೆ ನಮಗೇ ಏಟು ಕೊಡುತ್ತಿತ್ತು. ಅವರೇ ಶರ್ಟನ್ನೂ ವಾಪಸ್ ಮಾಡಿದ್ದರೆ ಉಳಿಯುವುದು 1,100ರ ಸೀರೆ ಮಾತ್ರ. ಬರೀ ಆ ಸೀರೆ ಕೊಂಡಿದ್ದರೆ ಆಫರ್‌ಗೇ ಅರ್ಹತೆ ಇರುತ್ತಿರಲಿಲ್ಲ, ಹಾಗಾಗಿ 150 ಪೂರ್ತಿ ವಾಪಸ್ ಬರಬೇಕು. ಪಾಲಿನ ನಿಯಮದಲ್ಲಿ ಕಟ್ ಆಗುವುದು 81.25, ಅವರ ಹತ್ತಿರ 68.75 ಉಳಿಯುತ್ತದೆ. ಜಾಸ್ತಿ ಕೊಂಡು ಸ್ವಲ್ಪ ವಾಪಸ್ ಮಾಡಿದವರಿಗೆ ಬರೆ, ಕನಿಷ್ಠ ಮೊತ್ತ ಮುಟ್ಟಿಸಲೆಂದೇ ಕೊಂಡು ಅರ್ಧಕ್ಕರ್ಧ ವಾಪಸ್ ಮಾಡಿದವರಿಗೆ ಬಹುಮಾನ. ಸರಿಯಾದ ಲೆಕ್ಕ ಎರಡೇ ಸಾಲು:

```
cashback(x) = x >= 1499 ? min(floor(x * 0.10), 150) : 0
clawback    = credited - cashback(x_after_refund)
```

ಕೈಯಲ್ಲಿ ಉಳಿದ ಬಟ್ಟೆಗೆ ಹೊಸದಾಗಿ ಲೆಕ್ಕ ಹಾಕು, ಕೊಟ್ಟದ್ದರಲ್ಲಿ ಅದನ್ನು ಕಳೆ, ಅಷ್ಟೇ.

ಗಂಟೆ 11:20. ಕ್ಲಾಬ್ಯಾಕ್‌ಗಳನ್ನೆಲ್ಲ ಒಟ್ಟಿಗೆ ಕಟ್ ಮಾಡುವ ಮುಂದಿನ ಬ್ಯಾಚ್ 12ಕ್ಕೆ. ಅದರಲ್ಲಿ ಶನಿವಾರ, ಭಾನುವಾರದ ರಿಟರ್ನ್‌ಗಳೆಲ್ಲ ಕಾಯುತ್ತಿದ್ದವು. ನಿಲ್ಲಿಸೋಣ ಅಂತ ಕನ್ಸೋಲ್ ತೆರೆದರೆ ಆಫ್ ಬಟನ್ ಇರುವುದು ಇಡೀ ಕ್ಯಾಂಪೇನ್‌ಗೆ. ಅದನ್ನು ಒತ್ತಿದರೆ ಹೊಸದಾಗಿ ಕೊಂಡವರ ಕ್ಯಾಶ್‌ಬ್ಯಾಕೂ ನಿಲ್ಲುತ್ತದೆ. ಕ್ಲಾಬ್ಯಾಕ್‌ಗೆ ಬೇರೆ ಬಟನ್ ಬೇಕು ಅನ್ನುವ ಟಿಕೆಟ್ ಬ್ಯಾಕ್‌ಲಾಗ್‌ನಲ್ಲಿ ತುಂಬಾ ದಿನದಿಂದ ಮಲಗಿತ್ತು. ಉಳಿದ ದಾರಿ ಒಂದೇ, ಕಾನ್ಫಿಗ್‌ನಲ್ಲಿ ಕ್ಲಾಬ್ಯಾಕ್ ಶೇಕಡಾವಾರನ್ನು ಸೊನ್ನೆ ಮಾಡುವುದು. ಅದಕ್ಕೆ ಮೇಕರ್-ಚೆಕರ್ ನಿಯಮ, ಒಬ್ಬರು ಹಾಕಿದ ಬದಲಾವಣೆಯನ್ನು ಇನ್ನೊಬ್ಬರು ಅಪ್ರೂವ್ ಮಾಡಬೇಕು. ಮೇಕರ್ ನಾನು. ಚೆಕರ್ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ, ಫೋನ್ ಸೈಲೆಂಟ್. ಆ ರೂಮಿನ ಗಾಜು ತಟ್ಟಿ ಕರೆದೆ. "ಐದು ನಿಮಿಷ ಗುರು" ಅಂತ ಕೈ ಸನ್ನೆ ಮಾಡಿದ. ಬಾಗಿಲು ತೆರೆದು ಒಳಗೇ ಹೋದೆ.

11:48ಕ್ಕೆ ಅಪ್ರೂವ್ ಆಯಿತು. ಉಸಿರು ಬಿಟ್ಟೆ. ಆಗ ಪಕ್ಕದ ಡೆಸ್ಕಿನ ಹುಡುಗಿ ಕೇಳಿದಳು: "ಸರ್, ಹೊಸ ಕಾನ್ಫಿಗ್ ಜಾರಿಗೆ ಬರೋಕೆ 15 ನಿಮಿಷ ಅಲ್ವಾ?" ಹೌದು, 15 ನಿಮಿಷ. 12:03ರವರೆಗೆ ಬ್ಯಾಚ್ ಹಳೆಯ ನಿಯಮವನ್ನೇ ಓದುತ್ತದೆ. 12ಕ್ಕೆ ಬ್ಯಾಚ್ ಶುರುವಾಯಿತು. ಲಾಗ್ ಓಡುತ್ತಿತ್ತು, ನಾವು ಸುಮ್ನೆ ನೋಡುತ್ತಿದ್ದೆವು. ಒಂದೊಂದು ಸಾಲೂ ಯಾರದೋ ರೀಫಂಡ್‌ನಿಂದ ಕಟ್ ಆದ ಹಣ. ಮೂರು ನಿಮಿಷಕ್ಕೆ ಆ ಸಂಖ್ಯೆಗಳೆಲ್ಲ ಸೊನ್ನೆಯಾದವು.

ಮಧ್ಯಾಹ್ನ ಎಲ್ಲರ ಲೆಕ್ಕವನ್ನೂ ಹೊಸ ಸೂತ್ರದಲ್ಲಿ ಮತ್ತೆ ಹಾಕಿ, ತಪ್ಪಾಗಿ ಕಟ್ ಮಾಡಿದ್ದನ್ನು ವಾಪಸ್ ಕೊಡುವ ಫೈಲ್ ಮಾಡಿದೆವು. ಬ್ಯಾಚ್‌ನ ಪ್ರತಿ ಎಂಟ್ರಿಗೂ ಮೂಲ ಖರೀದಿಯ ಐಡಿ ಮತ್ತು ರೀಫಂಡ್ ಐಡಿ ಸೇರಿಸಿದ ಒಂದು ಕೀ ಇತ್ತು. ಅದರಿಂದ ಯಾರಿಗೆ ಎಷ್ಟು ಕಟ್ ಆಗಿದೆ ಅನ್ನುವುದು ಸ್ಪಷ್ಟವಾಗಿ ಸಿಕ್ಕಿತು. ಯಾರಿಗೂ ಎರಡು ಸಲ ಹೋಗುವ ಭಯ ಇರಲಿಲ್ಲ. ಇದೊಂದನ್ನು ಹಿಂದಿನವರು ಚೆನ್ನಾಗಿ ಮಾಡಿಟ್ಟಿದ್ದರು.

ಫೈಲ್ ಓಡಿಸಿದರೆ ಒಂದೂ ಹೋಗಲಿಲ್ಲ. ಎಲ್ಲ ಸಾಲಿನಲ್ಲೂ `CAP_EXCEEDED`. ನಾವು ವಾಪಸ್ ಕೊಡುತ್ತಿದ್ದ ಹಣವನ್ನು ಎಂಜಿನ್ ಹೊಸ ಕ್ಯಾಶ್‌ಬ್ಯಾಕ್ ಅಂದುಕೊಂಡಿತ್ತು. ಇವರಿಗೆ ಈಗಾಗಲೇ 150 ಕೊಟ್ಟಾಗಿದೆ, ಇನ್ನು ಕೊಡಲ್ಲ ಅಂತ ನಿಷ್ಠೆಯಿಂದ ತಡೆಯಿತು. ಕ್ಯಾಪ್ ಕೌಂಟರ್‌ಗೆ ಕೊಟ್ಟದ್ದು ಮಾತ್ರ ಗೊತ್ತು, ಕಿತ್ತುಕೊಂಡದ್ದು ಗೊತ್ತಿಲ್ಲ. ಇದು ಬೇಕೆಂದೇ ಮಾಡಿದ್ದು. ಕ್ಲಾಬ್ಯಾಕ್ ಆದಾಗ ಕೌಂಟರ್ ಕೆಳಗಿಳಿದರೆ ಜನ ಕೊಂಡು, ವಾಪಸ್ ಮಾಡಿ, ಮತ್ತೆ ಕೊಂಡು ಆಫರನ್ನು ತಿರುಗಿಸುತ್ತಾ ಕೂರುತ್ತಾರೆ. ಆರ್ಡರ್ ಪೂರ್ತಿ ಕ್ಯಾನ್ಸಲ್ ಮಾಡಿದ ಮೇಲೂ "ನೀವು ಈ ಆಫರ್ ಬಳಸಿದ್ದೀರಿ" ಅಂತ ಎಷ್ಟೋ ಕಡೆ ತೋರಿಸುವುದು ಇದೇ ಕಾರಣಕ್ಕೆ. ಕೊನೆಗೆ `ADJUSTMENT` ಅನ್ನುವ ಬೇರೆ ಎಂಟ್ರಿಯಾಗಿ, ಕ್ಯಾಪ್ ತಪಾಸಣೆ ಇಲ್ಲದ ದಾರಿಯಲ್ಲಿ, ಫೈನಾನ್ಸ್‌ನವರ ಸಹಿ ಪಡೆದು ಹಾಕಿದೆವು. ರಾತ್ರಿ ಎಂಟಾಗಿತ್ತು.

ಶಿವಮೊಗ್ಗದ ಮೇಡಂಗೆ ಉತ್ತರವನ್ನು ನಾನೇ ಬರೆದೆ. "ಲೆಕ್ಕ ನಮ್ಮದು ತಪ್ಪು, ನಿಮ್ಮದು ಸರಿ, 31.25 ಹಾಕಿದ್ದೇವೆ." ಲೀಗಲ್‌ನವರು "ಸದ್ಭಾವನೆಯ ಕ್ರಮವಾಗಿ" ಅಂತ ಸೇರಿಸಿ ಅಂದರು. ಸೇರಿಸಲಿಲ್ಲ.

ಈಗ ಆ್ಯಪ್‌ನ ಹಿಸ್ಟರಿಯಲ್ಲಿ ಕ್ಯಾಶ್‌ಬ್ಯಾಕ್ ಕಟ್ ಆದರೆ ಯಾವ ಮೊತ್ತಕ್ಕೆ ಎಷ್ಟು, ಉಳಿದ ಖರೀದಿ ಎಷ್ಟು, ಕ್ಯಾಪ್ ತಗುಲಿದೆಯಾ ಅಂತ ಒಂದೊಂದೇ ಸಾಲಿನಲ್ಲಿ ಕಾಣುತ್ತದೆ. ಟೆಸ್ಟ್ ಕೇಸ್‌ಗಳಲ್ಲಿ ಕ್ಯಾಪ್ ದಾಟಿದ್ದು ಒಂದು, ವಾಪಸ್ ಮಾಡಿ ಕನಿಷ್ಠಕ್ಕಿಂತ ಕೆಳಗಿಳಿದದ್ದು ಒಂದು ಇರಲೇಬೇಕು. ಕ್ಲಾಬ್ಯಾಕ್‌ಗೆ ಬೇರೆ ಬಟನೂ ಬಂತು, ಇಷ್ಟೆಲ್ಲ ಆದ ಮೇಲೆ.

ಬಗೆಹರಿಯದೆ ಉಳಿದದ್ದು ಬ್ರ್ಯಾಂಡ್ ಜೊತೆಗಿನ ಒಪ್ಪಂದ. ಬ್ಯಾಂಕ್ ಖಾತೆಯಿಂದ ಆಗುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಅಂಗಡಿಯವರು ಕೊಡುವ ಎಂಡಿಆರ್ ಎಂಬ ಪಾವತಿ ಶುಲ್ಕ ಇಲ್ಲ. ಹಾಗಾಗಿ ಇಂಥ ಆಫರ್‌ನ ಹಣ ಪಾವತಿಯಿಂದ ಹುಟ್ಟುವುದಿಲ್ಲ, ಬ್ರ್ಯಾಂಡ್ ಮತ್ತು ನಮ್ಮ ಮಾರ್ಕೆಟಿಂಗ್ ಬಜೆಟ್ ಹಂಚಿಕೊಂಡು ಹಾಕಬೇಕು. ಬ್ರ್ಯಾಂಡ್‌ನ ಪಾಲು ಇಂದಿಗೂ ನಿವ್ವಳ ಮಾರಾಟದ ಅನುಪಾತದಲ್ಲೇ ಸೆಟಲ್ ಆಗುತ್ತದೆ. 500ರ ಬಟ್ಟೆ ವಾಪಸ್ ಬಂದರೆ ಅವರು ತಮ್ಮ ಪಾಲನ್ನು ಕಡಿಮೆ ಮಾಡುತ್ತಾರೆ, ನಾವು ಗ್ರಾಹಕರಿಂದ ಏನೂ ಕಟ್ ಮಾಡುವ ಹಾಗಿಲ್ಲ. ಆ ವ್ಯತ್ಯಾಸ ನಮ್ಮ ಟೀಮ್‌ನ ಲೆಕ್ಕಕ್ಕೆ ಬೀಳುತ್ತದೆ. ತಿಂಗಳ ಕೊನೆಗೆ ಫೈನಾನ್ಸ್‌ನಿಂದ "ಇದು ಯಾಕೆ?" ಅಂತ ಮೇಲ್ ಬರುತ್ತದೆ, ನಾನು ಹಳೆಯ ಉತ್ತರವನ್ನೇ ಕಾಪಿ ಮಾಡಿ ಕಳಿಸುತ್ತೇನೆ. ಮಾರ್ಕೆಟಿಂಗ್‌ನವರು ಈ ಹಬ್ಬಕ್ಕೆ "ಒಂದು ಗಂಟೆಯಲ್ಲಿ ಕ್ಯಾಶ್‌ಬ್ಯಾಕ್" ಕೇಳುತ್ತಿದ್ದಾರೆ.