ಗೆರೆ ಎಳೆದು ನೋಡಿದ ಒಂದು ಪ್ಯಾರಾ

ಅಕ್ಕನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ರಕ್ತಹೀನತೆಯ ಬಗ್ಗೆ ಸಾಮಾನ್ಯ ಜನರಿಗಾಗಿ ಒಂದು ಕರಪತ್ರ ಬರೆದು, "ಚಿಕ್ಕಮ್ಮ, ಇದರಲ್ಲಿ ತಪ್ಪು ಒಂದೂ ಇಲ್ಲ. ಆದ್ರೆ ಓದಿದವರೆಲ್ಲ ಅರ್ಥ ಆಗಲ್ಲ ಅಂತಾರೆ, ನೀನೇ ನೋಡು" ಎಂದು ನನ್ನ ಕೈಗಿಟ್ಟಳು. ಅದರ ಮೊದಲ ಪ್ಯಾರಾ ಹೀಗಿತ್ತು:

"ರಕ್ತವು ಮೈಯ ಎಲ್ಲ ಭಾಗಕ್ಕೂ ಆಮ್ಲಜನಕವನ್ನು ಒಯ್ಯುತ್ತದೆ. ಮೂಳೆಯ ಒಳಗಿನ ಮಜ್ಜೆ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣದ ಅಂಶ ಹಿಮೋಗ್ಲೋಬಿನ್ ತಯಾರಾಗಲು ಬೇಕು. ಕೆಂಪು ರಕ್ತಕಣಗಳ ಒಳಗೆ ಹಿಮೋಗ್ಲೋಬಿನ್ ಇರುತ್ತದೆ. ಸುಮಾರು 120 ದಿನ ಈ ಕಣಗಳು ಬದುಕುತ್ತವೆ. ಸುಸ್ತು ಮತ್ತು ಏದುಸಿರು ಕಬ್ಬಿಣದ ಕೊರತೆಯ ಲಕ್ಷಣಗಳು."

ಪ್ರತಿ ವಾಕ್ಯವೂ ಸರಿ. ವಾಕ್ಯಗಳೂ ಚಿಕ್ಕವು. ಹಾಗಿದ್ದೂ ಓದುವವರು ಪ್ರತಿ ಪೂರ್ಣವಿರಾಮದ ನಂತರ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಆಮ್ಲಜನಕದ ಮಾತು ನಡೀತಿತ್ತು, ಈ ಮೂಳೆ ಎಲ್ಲಿಂದ ಬಂತು? ಆ ಮೂಳೆಗೂ ಹಿಮೋಗ್ಲೋಬಿನ್‌ಗೂ ಏನು ಸಂಬಂಧ?

ನಾನು ಅವಳ ಕೈಗೆ ಪೆನ್ಸಿಲ್ ಕೊಟ್ಟು, ಒಂದು ವಾಕ್ಯಕ್ಕೆ ಬರುವ ಹೊತ್ತಿಗೆ ಓದುವವರಿಗೆ ಆಗಲೇ ಗೊತ್ತಾಗಿರುವ ಮಾತು ಯಾವುದೋ ಅದರ ಕೆಳಗೆ ಮಾತ್ರ ಗೆರೆ ಎಳಿ ಎಂದೆ. ಅವಳು ಮೊದಲು ಹಿಮೋಗ್ಲೋಬಿನ್ ಬಂದ ಕಡೆಯೆಲ್ಲ ಗೆರೆ ಎಳೆದಳು. "ಇದು ನಿನಗೆ ಗೊತ್ತಿರೋದು. ಕರಪತ್ರ ಓದುವವರು ಈ ಹೆಸರನ್ನು ಮೊದಲ ಸಲ ನೋಡ್ತಿರಬಹುದು, ಅಲ್ವಾ?" ಎಂದೆ. ಬರೆಯುವವರಿಗೆ ಹಳೆಯದಾದ ಮಾತು ಓದುವವರಿಗೂ ಹಳೆಯದಾಗಿರಬೇಕಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಆ ಪುಟದಲ್ಲಿ ಹಿಂದೆ ಬಂದಿರುವುದು, ಇಲ್ಲವೇ ಓದುವವರು ಬರುವಾಗಲೇ ತಿಳಿದುಕೊಂಡು ಬಂದಿರುವುದು. ಅಳಿಸಿ ಮತ್ತೆ ಎಳೆದಾಗ ಚಿತ್ರ ಸ್ಪಷ್ಟವಾಯಿತು. ಮೂರನೆಯ ವಾಕ್ಯದಲ್ಲಿ ಗೊತ್ತಿರುವ 'ಆಮ್ಲಜನಕ' ಹಿಂದೆ ಬಿದ್ದಿತ್ತು. ನಾಲ್ಕನೆಯದರಲ್ಲಿ ಆಗಷ್ಟೇ ಪರಿಚಯವಾದ 'ಹಿಮೋಗ್ಲೋಬಿನ್' ಕೂಡ ಹಾಗೇ. ಎರಡನೆಯದಕ್ಕಂತೂ ಗೆರೆ ಎಳೆಯಲು ಏನೂ ಸಿಗಲಿಲ್ಲ. ಗೆರೆಗಳು ವಾಕ್ಯದ ಶುರುವಿನಲ್ಲಿದ್ದರೆ ಓದು ಸಾಗುತ್ತದೆ. ಕೊನೆಯಲ್ಲೇ ಗುಂಪುಗೂಡಿದ್ದರೆ ಅಥವಾ ಗೆರೆಯೇ ಇಲ್ಲದ ವಾಕ್ಯ ನಡುವೆ ಬಂದರೆ ಅಲ್ಲಿ ಕೆಲಸ ಇದೆ ಎಂದೇ ಲೆಕ್ಕ.

ಮೊದಲು ವಾಕ್ಯಗಳ ಒಳಗೆ ಕೈಹಾಕಿದೆವು. ಇದರಲ್ಲಿ ಕನ್ನಡ ನಮಗೆ ತುಂಬಾ ಅನುಕೂಲ ಮಾಡಿಕೊಡುತ್ತದೆ. ಪದಕ್ಕೆ 'ಅನ್ನು', 'ಇಂದ', 'ಅಲ್ಲಿ' ಅಂಟಿಕೊಂಡೇ ಇರುವುದರಿಂದ ಅದನ್ನು ಎತ್ತಿ ಮುಂದಿಟ್ಟರೂ ಯಾರು ಏನು ಮಾಡಿದರು ಎನ್ನುವುದು ಕೆಡುವುದಿಲ್ಲ. "ಮಜ್ಜೆ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ" ಎನ್ನುವುದನ್ನು "ಕೆಂಪು ರಕ್ತಕಣಗಳನ್ನು ಮಜ್ಜೆ ತಯಾರಿಸುತ್ತದೆ" ಎಂದರೆ ಸಾಕು. "ಮಜ್ಜೆಯಿಂದ ತಯಾರಿಸಲ್ಪಡುತ್ತವೆ" ಎಂದು ಎಳೆಯುವ ಅಗತ್ಯವೇ ಇಲ್ಲ. ಕ್ರಿಯಾಪದ ಕೊನೆಗೇ ಇರುತ್ತದೆ. ಅದಕ್ಕೆ ತಾಗಿಕೊಂಡಿರುವ ಜಾಗ ಹೊಸ ಸುದ್ದಿಯದು.

ಇನ್ನೊಂದು ದಾರಿಯೂ ಇದೆ. "ಆಮ್ಲಜನಕವನ್ನು ಹಿಡಿದುಕೊಳ್ಳುವುದು ಹಿಮೋಗ್ಲೋಬಿನ್" ಎಂದು ಹೊಸದನ್ನು ತೀರಾ ಕೊನೆಗೆ ತಂದು ನಿಲ್ಲಿಸಬಹುದು. ಅವಳಿಗೆ ಇದು ಬಹಳ ಹಿಡಿಸಿತು. ಮುಂದಿನ ವಾಕ್ಯಗಳನ್ನೆಲ್ಲ ಹಾಗೇ ತಿರುಗಿಸಿದಳು: "ಹಿಮೋಗ್ಲೋಬಿನ್ ಇರುವುದು ಕೆಂಪು ಕಣಗಳಲ್ಲಿ. ಕೆಂಪು ಕಣಗಳನ್ನು ತಯಾರಿಸುವುದು ಮಜ್ಜೆ. ಮಜ್ಜೆ ಇರುವುದು ಮೂಳೆಯಲ್ಲಿ." ಗಟ್ಟಿಯಾಗಿ ಓದು ಎಂದೆ. ಓದಿದ ಕೂಡಲೇ ಅವಳಿಗೇ ಕೇಳಿಸಿತು, ಇದು ಕ್ವಿಜ್‌ನ ಉತ್ತರಗಳ ಪಟ್ಟಿ. ಈ 'ವುದು' ರೂಪದಲ್ಲಿ 'ಬೇರೆ ಯಾವುದೂ ಅಲ್ಲ, ಇದೇ' ಎಂಬ ಒತ್ತು ಇರುತ್ತದೆ. ಪ್ಯಾರಾದಲ್ಲಿ ಅಂಥ ಒತ್ತು ಬೇಕಾದ ಒಂದು ಕಡೆ ಇಟ್ಟುಕೊಳ್ಳಬೇಕು. ಉಳಿದ ಕಡೆ ಸುಮ್ನೆ ಪದವನ್ನು ಮುಂದಕ್ಕೆ ತಂದರೆ ಆಯಿತು.

ಆ ಮೂರು ವಾಕ್ಯಗಳಲ್ಲಿ ಇನ್ನೂ ದೊಡ್ಡ ತೊಂದರೆ ಇತ್ತು. ಒಂದರ ಬಾಲ ಇನ್ನೊಂದರ ತಲೆಗೆ ಸರಿಯಾಗಿಯೇ ಸೇರಿತ್ತು. ಆದರೆ ಹೇಳಬೇಕಾದದ್ದು ಸುಸ್ತಿನ ಬಗ್ಗೆ. ನಾವು ಹೋಗಿ ಮೂಳೆಯಲ್ಲಿ ಕೂತಿದ್ದೆವು! ಪ್ಯಾರಾಗಳ ಈ ನಡಿಗೆಯನ್ನು ಚೆಕ್ ಭಾಷಾವಿಜ್ಞಾನಿ ಫ್ರಾಂಟಿಶೆಕ್ ದಾನೆಶ್ 1970ರ ದಶಕದಲ್ಲಿ ವಿಂಗಡಿಸಿ ತೋರಿಸಿದ್ದರು. ಒಂದು ಬಗೆಯಲ್ಲಿ ಹಿಂದಿನ ವಾಕ್ಯದ ಹೊಸ ಮಾತು ಮುಂದಿನದಕ್ಕೆ ಶುರುವಾಗುತ್ತದೆ. ಇನ್ನೊಂದರಲ್ಲಿ ಎಲ್ಲ ವಾಕ್ಯಗಳೂ ಒಂದೇ ವಿಷಯದಿಂದ ಹೊರಡುತ್ತವೆ. ಮೊದಲನೆಯ ಬಗೆ ಕಾರಣ ವಿವರಿಸಲು ಚೆನ್ನ. ಆದರೆ ದಾರಿ ತಪ್ಪಿಸುವುದೂ ಅದೇ. ಹಾಗಾಗಿ ವಾಕ್ಯಗಳ ಮೊದಲ ಎರಡು ಮೂರು ಪದಗಳನ್ನಷ್ಟೇ ಮೇಲಿಂದ ಕೆಳಗೆ ಓದಿಕೊಂಡು ಹೋಗಬೇಕು. ಅವು ಪ್ಯಾರಾದ ವಿಷಯದ ಸುತ್ತಲೇ ಇವೆಯೇ ಎಂದು ಆಗ ಕಾಣುತ್ತದೆ.

ಹಾಗೆ ಓದಿ ಮಜ್ಜೆಯ ವಾಕ್ಯವನ್ನೂ 120 ದಿನದ ವಾಕ್ಯವನ್ನೂ ಪಕ್ಕಕ್ಕಿಟ್ಟೆವು. ಕೆಂಪು ಕಣಗಳ ಮಾತನ್ನು ಹಿಮೋಗ್ಲೋಬಿನ್ ಇರುವ ವಾಕ್ಯದೊಳಗೇ ಸೇರಿಸಿದೆವು. ಉಳಿದದ್ದು ಆಮ್ಲಜನಕ, ಹಿಮೋಗ್ಲೋಬಿನ್, ಕಬ್ಬಿಣ, ಸುಸ್ತು. ಸಾಲಾಗಿ ಜೋಡಿಸಿದ ಮೇಲೆ ಕಬ್ಬಿಣಕ್ಕೂ ಸುಸ್ತಿಗೂ ನಡುವೆ ಖಾಲಿ ಜಾಗ ಎದ್ದು ಕಂಡಿತು. ಕಬ್ಬಿಣ ಕಡಿಮೆಯಾದರೆ ಸುಸ್ತು ಯಾಕಾಗಬೇಕು? ಕರಪತ್ರದ ಮುಖ್ಯ ಮಾತು ಅದೇ. ಅದೇ ಅದರಲ್ಲಿ ಇರಲಿಲ್ಲ. ವಾಕ್ಯಗಳು ಕಲಸಿಹೋಗಿದ್ದಾಗ ಈ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕ್ರಮ ಬದಲಿಸುವ ಕೆಲಸದಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಇದೇ ಘಟ್ಟ. ಓದು ಸಲೀಸಾಗುವುದು ಆಮೇಲಿನ ಮಾತು.

"ಅದು ಓದುವವರಿಗೆ ತಾನಾಗೇ ಹೊಳೆಯಲ್ವಾ?" ಎಂದಳು. ಹೊಳೆಯಬಹುದು, ಆದರೆ ಅದಕ್ಕೆ ಹೊತ್ತು ಬೇಕು. ಹ್ಯಾವಿಲೆಂಡ್ ಮತ್ತು ಕ್ಲಾರ್ಕ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಅಳೆದಿತ್ತು. ಒಂದು ವಸ್ತುವಿನ ಹೆಸರು ಹಿಂದಿನ ವಾಕ್ಯದಲ್ಲಿ ನೇರವಾಗಿ ಬಂದಿದ್ದರೆ, ಅದರಿಂದ ಶುರುವಾಗುವ ಮುಂದಿನ ವಾಕ್ಯ ಬೇಗ ಅರ್ಥವಾಯಿತು. ಅದು ಅಲ್ಲಿರಬಹುದು ಎಂದು ಊಹಿಸಿಕೊಳ್ಳಬೇಕಾದಾಗ ಹೆಚ್ಚು ಹೊತ್ತು ಹಿಡಿಯಿತು. ವಿಷಯವನ್ನು ಮೊದಲ ಸಲ ಓದುವವರ ಮೇಲೆ ಇಂಥ ಊಹೆಗಳನ್ನು ಒಂದರ ಮೇಲೊಂದು ಹೇರುವುದು ನ್ಯಾಯವಲ್ಲ.

ಕೊನೆಗೆ ಪ್ಯಾರಾ ಹೀಗಾಯಿತು:

"ರಕ್ತ ಮೈಯ ಎಲ್ಲ ಭಾಗಕ್ಕೂ ಆಮ್ಲಜನಕವನ್ನು ಒಯ್ಯುತ್ತದೆ. ಈ ಆಮ್ಲಜನಕವನ್ನು ಹಿಡಿದುಕೊಳ್ಳುವುದು ಕೆಂಪು ರಕ್ತಕಣಗಳ ಒಳಗಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನ್. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣದ ಅಂಶ ಬೇಕು. ಕಬ್ಬಿಣ ಸಾಲದೆ ಹೋದರೆ ಹಿಮೋಗ್ಲೋಬಿನ್ ಕಡಿಮೆಯಾಗಿ, ಮೈಗೆ ಸಿಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಆಮ್ಲಜನಕ ಸಾಲದಿದ್ದಾಗ ಬೇಗ ಸುಸ್ತಾಗುತ್ತದೆ, ಸ್ವಲ್ಪ ನಡೆದರೂ ಏದುಸಿರು ಬರುತ್ತದೆ."

'ಹಿಮೋಗ್ಲೋಬಿನ್', 'ಕಬ್ಬಿಣ', 'ಆಮ್ಲಜನಕ' ಮತ್ತೆ ಮತ್ತೆ ಬರುತ್ತವೆ ಎಂದು ಅವಳಿಗೆ ಇರುಸುಮುರುಸು. ಒಂದು ಕಡೆ 'ಪ್ರಾಣವಾಯು' ಎಂದು ಬದಲಿಸಲು ಹೊರಟಳು. ನಾನು ಬಿಡಲಿಲ್ಲ. ಹೆಸರು ಬದಲಾದರೆ ಅದು ಇನ್ನೊಂದು ಹೊಸ ವಸ್ತುವೇನೋ ಎಂದು ಓದುವವರು ಅಂದುಕೊಳ್ಳಬಹುದು. ಆಗ ಇಷ್ಟು ಹೊತ್ತು ಕಟ್ಟಿದ ಕೊಂಡಿ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಪಕ್ಕಕ್ಕಿಟ್ಟ ಎರಡು ವಾಕ್ಯಗಳಿಂದ ಎರಡನೆಯ ಪ್ಯಾರಾವನ್ನು ಅವಳೇ ಶುರುಮಾಡಿದಳು: "ಕೆಂಪು ರಕ್ತಕಣಗಳನ್ನು ಮೂಳೆಯ ಒಳಗಿನ ಮಜ್ಜೆ ತಯಾರಿಸುತ್ತದೆ. ಈ ಕಣಗಳು ಸುಮಾರು 120 ದಿನ ಬದುಕುತ್ತವೆ." ಇದರ ಮುಂದೆ ಏನು ಬರಬೇಕು ಎಂದು ನಾನು ಹೇಳುವ ಮೊದಲೇ ಬರೆದುಬಿಟ್ಟಳು: "ಆಯಸ್ಸು ಮುಗಿದ ಕಣಗಳು ಒಡೆದಾಗ, ಅವುಗಳಲ್ಲಿದ್ದ ಕಬ್ಬಿಣದ ಹೆಚ್ಚಿನ ಪಾಲನ್ನು ದೇಹ ಹೊಸ ಕಣಗಳಿಗೆ ಬಳಸಿಕೊಳ್ಳುತ್ತದೆ."