ಟ್ರಾನ್ಸ್‌ಫರ್ ಲೆಟರ್‌ಗೆ ಎರಡು ಪುಟ ಯಾಕೆ ಬೇಕು?

“ಇಂಥ ಆಫೀಸಿಗೆ ವರ್ಗ ಮಾಡಿದ್ದೇವೆ ಅಂತ ನಾಲ್ಕು ಸಾಲು ಬರೆದ್ರೆ ಸಾಕಲ್ವಾ? ಅದಕ್ಯಾಕೆ ಎರಡು ಪುಟ?”

ಆ ನಾಲ್ಕು ಸಾಲಿನಲ್ಲಿ ತಾರೀಖು ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಂಥ ಪತ್ರ ಬರೆಯುವುದೇ ನನ್ನ ಕೆಲಸ. ನಾನು ಕಂಡ ತಕರಾರುಗಳಲ್ಲಿ ದುಡ್ಡಿನ ಮೊತ್ತಕ್ಕಿಂತ ದಿನದ ಲೆಕ್ಕದ್ದೇ ಜಾಸ್ತಿ.

ನಾನೇ ಮಾಡಿದ ಎಡವಟ್ಟು ಒಂದಿದೆ. ‘ಮಾರ್ಚ್ 20ರ ಶುಕ್ರವಾರ ಸಂಜೆ ಬಿಡುಗಡೆ, ಹೊಸ ಕಚೇರಿಗೆ ಸೇರಲು 7 ದಿನ ಅವಕಾಶ’ ಎಂದು ಬರೆದಿದ್ದೆ. ಎಷ್ಟು ಸ್ಪಷ್ಟ ಅನ್ನಿಸಿತ್ತು! ವರ್ಗವಾದವರು ಶನಿವಾರ, ಭಾನುವಾರ ಬಿಟ್ಟು ಕೆಲಸದ ದಿನಗಳನ್ನಷ್ಟೇ ಎಣಿಸಿದರು. 23ರಿಂದ 27ರವರೆಗೆ ಐದು, ಆಮೇಲೆ 30 ಮತ್ತು 31. ಏಪ್ರಿಲ್ 1ಕ್ಕೆ ಹಾಜರಾದರು. ಹೊಸ ಆಫೀಸಿನವರು ಕ್ಯಾಲೆಂಡರ್ ನೋಡಿದರು. 21ರಿಂದ 27ಕ್ಕೆ ಏಳು ದಿನ ಮುಗಿಯಿತು, 28 ಮತ್ತು 29 ವಾರದ ರಜೆ, 30ಕ್ಕೆ ಬರಬೇಕಿತ್ತು ಅಂದರು. ಎರಡು ದಿನ ಗೈರುಹಾಜರಿ ಬಿತ್ತು, ಸಂಬಳ ಕಡಿತವಾಯಿತು. ಇಬ್ಬರ ಎಣಿಕೆಯೂ ಸರಿ. ತಪ್ಪು ನನ್ನ ಪತ್ರದ್ದು.

ಈಗ ದಿನಗಳ ಸಂಖ್ಯೆ ಬರೆಯುವುದನ್ನೇ ಬಿಟ್ಟಿದ್ದೇನೆ. ಹೀಗೆ ಬರೆಯುತ್ತೇನೆ: ‘ಮಾರ್ಚ್ 20, ಶುಕ್ರವಾರ ಕಚೇರಿ ವೇಳೆ ಮುಗಿದ ಮೇಲೆ ತಮ್ಮ ಬಿಡುಗಡೆ. ಮಾರ್ಚ್ 30, ಸೋಮವಾರ ಬೆಳಿಗ್ಗೆ ಹೊಸ ಕಚೇರಿಗೆ ಹಾಜರಾಗಬೇಕು. ನಡುವಿನ ದಿನಗಳನ್ನು ಕೆಲಸದ ಮೇಲಿದ್ದಂತೆ ಲೆಕ್ಕ ಹಾಕಲಾಗುವುದು. ತಮ್ಮ ರಜೆಯಿಂದ ಕಡಿತವಿಲ್ಲ.’ ಈ ಕೊನೆಯ ಮಾತು ಇಲ್ಲದಿದ್ದರೆ ಹಳೇ ಆಫೀಸಿನ ಹಾಜರಿಯಲ್ಲೂ ಹೆಸರಿಲ್ಲ, ಹೊಸದರಲ್ಲೂ ಇಲ್ಲ, ಮನುಷ್ಯ ಮಧ್ಯದಲ್ಲಿ ತೂಗಾಡುತ್ತಾನೆ. ಇನ್ನೊಂದು ಸಾಲೂ ಬೇಕು. ಹಳೇ ಮ್ಯಾನೇಜರು ‘ಇನ್ನೊಂದು ವಾರ ಇದ್ದು ಹೋಗಿ’ ಅನ್ನುವುದು ಮಾಮೂಲು. ಹಾಗೆ ಬಿಡುಗಡೆ ತಡವಾದರೆ ಸೇರುವ ದಿನವೂ ಅಷ್ಟೇ ಮುಂದೆ ಹೋಗುತ್ತದೆ, ಹೊಸ ತಾರೀಖನ್ನು ಬರವಣಿಗೆಯಲ್ಲೇ ತಿಳಿಸುತ್ತೇವೆ ಎಂದು ಹಾಕಿಬಿಡಿ.

ಸಂಬಳ ಯಾವ ಆಫೀಸಿನ ಲೆಕ್ಕದಿಂದ ಎನ್ನುವುದನ್ನೂ ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ ಇಡೀ ಮಾರ್ಚ್ ಹಳೇ ಆಫೀಸಿನದು, ಏಪ್ರಿಲ್ 1ರಿಂದ ಹೊಸದರದು ಎಂದರೆ ಸುಲಭ. ಊರಿಗೆ ತಕ್ಕಂತೆ ಬದಲಾಗುವ ಮನೆ ಬಾಡಿಗೆ ಭತ್ಯೆ ಮಾತ್ರ ಹಾಜರಾದ ದಿನದಿಂದ, ಅಂದರೆ 30ರಿಂದ ಎಂದಿದ್ದರೆ, ಆ ಎರಡು ದಿನದ ವ್ಯತ್ಯಾಸ ಏಪ್ರಿಲ್ ಸಂಬಳದಲ್ಲಿ ಬರಲಿ.

ಇನ್ನು ಭತ್ಯೆ. ಮೊದಲು, ವರ್ಗ ಸಂಸ್ಥೆಯ ಅಗತ್ಯಕ್ಕೋ ಉದ್ಯೋಗಿಯ ಕೋರಿಕೆಗೋ ಎಂದು ಪತ್ರ ಹೇಳಬೇಕು. ತಾನಾಗಿ ಕೇಳಿ ಹೋಗುವವರಿಗೆ ಎಷ್ಟೋ ಕಡೆ ಖರ್ಚು ಕೊಡುವುದಿಲ್ಲ. ಕೊಡುವುದಾದರೆ ‘ನಿಯಮದಂತೆ ಸ್ಥಳಾಂತರ ಭತ್ಯೆ’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಪ್ರಯಾಣದ ಖರ್ಚಿಗೂ ಸಾಮಾನು ಸಾಗಣೆಗೂ ಬಿಲ್ ಬೇಕು, ಮಿತಿಯೂ ಇರುತ್ತದೆ. ಮನೆ ಸಿಗುವವರೆಗಿನ ತಾತ್ಕಾಲಿಕ ವಾಸಕ್ಕೆ ಎಷ್ಟು ರಾತ್ರಿ ಎಂದು ಬೇಕು. ನೆಲೆಯೂರಲು ಕೊಡುವ ಇಡಿಗಂಟಿಗೆ ಸಾಮಾನ್ಯವಾಗಿ ಬಿಲ್ ಕೇಳುವುದಿಲ್ಲ. ಇವನ್ನೆಲ್ಲ ಬೆರೆಸಿದರೆ ಲೆಕ್ಕ ವಿಭಾಗ ಇಡಿಗಂಟಿಗೂ ಬಿಲ್ ಕೇಳುತ್ತದೆ.

ಎಲ್ಲರೂ ಮರೆಯುವುದು ಕುಟುಂಬವನ್ನು. ಮಕ್ಕಳ ಶಾಲೆ ಮುಗಿಯಲಿ ಎಂದು ಉದ್ಯೋಗಿ ಮೊದಲು ಒಬ್ಬರೇ ಹೋಗುತ್ತಾರೆ, ಸಾಮಾನು ಮೂರು ತಿಂಗಳ ಮೇಲೆ ಹೊರಡುತ್ತದೆ. ಪತ್ರದಲ್ಲಿ ‘30 ದಿನದೊಳಗೆ ಬಿಲ್ ಸಲ್ಲಿಸಿ’ ಎಂದಿದ್ದರೆ ದೊಡ್ಡ ಖರ್ಚೇ ಹೊರಗುಳಿಯಿತು. ಕುಟುಂಬದ ಪ್ರಯಾಣಕ್ಕೂ ಸಾಮಾನಿಗೂ ಹಾಜರಾದ ದಿನದಿಂದ ಆರು ತಿಂಗಳು ಕೊಡಿ ಎಂದು ನಾನು ಹಟ ಹಿಡಿಯುತ್ತೇನೆ. ವರ್ಷದೊಳಗೆ ಕೆಲಸ ಬಿಟ್ಟರೆ ಭತ್ಯೆ ವಾಪಸು ಎಂಬ ಷರತ್ತಿದ್ದರೆ, ಪೂರ್ತಿಯೋ ಉಳಿದ ತಿಂಗಳಿನಷ್ಟೋ ಅಂತಲೂ ಬರೆಯಿರಿ.

ಸೇರುವ ದಿನದ ಕಾಗದ ಹೆಚ್ಚಿಲ್ಲ. ಹಳೇ ಆಫೀಸಿನ ಬಿಡುಗಡೆ ಪತ್ರ, ಬಾಕಿ ಇಲ್ಲ ಎಂಬ ಪತ್ರ, ಕೊನೆಯ ಸಂಬಳ ಮತ್ತು ರಜೆ ಬಾಕಿಯ ವಿವರ. ವರ್ಗ ಹೊಸ ನೇಮಕವಲ್ಲ. ಹಾಗಾಗಿ ಸೇವೆ ಮುಂದುವರಿಯುತ್ತದೆ, ಉಳಿದ ರಜೆ ಹಾಗೇ ಇರುತ್ತದೆ ಎಂದು ಪತ್ರದಲ್ಲೇ ಇರಲಿ. ಯಾರಾದರೂ ‘ಸುಮ್ನೆ ಫಾರ್ಮಾಲಿಟಿ’ ಅಂತ ರಾಜೀನಾಮೆ ಬರೆಸಿಕೊಳ್ಳಲು ಬಂದರೆ ಸಹಿ ಹಾಕುವ ಮೊದಲು ಈ ಸಾಲು ತೋರಿಸಿ. ಹಾಜರಾದ ಬೆಳಿಗ್ಗೆಯೇ ತಾರೀಖು, ವೇಳೆ ಹಾಕಿ ಸೇರಿದ ವರದಿ ಕೊಡಿ. ಅದರ ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ಹಳೇ ಆಫೀಸಿಗೂ ಒಂದು ಕಳಿಸಿ. ಅದು ತಲುಪುವವರೆಗೆ ಅವರ ಹಾಜರಿ ಪಟ್ಟಿಯಲ್ಲಿ ನಿಮ್ಮ ಹೆಸರು ಉಳಿದಿರಬಹುದು.