ನಗುವಿನ ಮಾತು ಯಾರ ಬಾಯಿಂದ ಬರಬೇಕು?

ಬಳ್ಳಾರಿಯಲ್ಲಿ ಕೂತು ಸಣ್ಣ ಹಾಸ್ಯ ಸರಣಿಗಳಿಗೆ ಕತೆ ಬರೆಯುವುದು ನನ್ನ ಕೆಲಸ. ಒಂದು ಕಂತು 30 ಸೆಕೆಂಡು, ಒಂದು ಸೀಸನ್ 20 ಕಂತು. ಈ ಕೆಲಸದಲ್ಲಿ ಸಂಭಾಷಣೆಗಿಂತ ಮೊದಲು ಬರೆಯುವ ನಕ್ಷೆಯೇ ಮುಖ್ಯ ಅನ್ನೋದು ನನ್ನ ಅನುಭವ.

ಈಗಿನ ಸರಣಿ ಒಂದು ಟೈಲರ್ ಅಂಗಡಿಯದು. ಹುಸೇನ್ ಮಾಸ್ಟರ್‌ಗೆ ಯಾರಿಗೂ ಇಲ್ಲ ಅನ್ನೋಕೆ ಬರಲ್ಲ. ಗುಂಡಿ ಹಚ್ಚುವ ರೇಣುಕಕ್ಕನಿಗೆ ಎಲ್ಲಾ ಲೆಕ್ಕ ಬೇಕು. ಬಸವರಾಜನಿಗೆ ಮದುವೆ ಪ್ಯಾಂಟು ಬೇಕು. ಒಬ್ಬೊಬ್ಬರಿಗೆ ಒಂದೇ ಗುಣ ಸಾಕು, ಪರಿಚಯಕ್ಕೆ ಸಮಯ ಇರಲ್ಲ. ಮತ್ತೆ ಮತ್ತೆ ಬರುವ ಮಾತು, ಮಾಸ್ಟರ್ ಹೇಳುವ "ನಾಳೆ ಬರ್ರಿ".

ಅದೇ ಮಾತು ಅದೇ ಬಾಯಿಂದ ಬರ್ತಾ ಇದ್ರೆ ಐದನೇ ಕಂತಿಗೆ ನಗು ನಿಲ್ಲುತ್ತದೆ. ಆದರೆ ಮೊದಲ ನಾಲ್ಕರಲ್ಲಿ ಬದಲಿಸಲೂಬಾರದು, ನೋಡುವವರಿಗೆ ರೂಢಿಯಾಗಬೇಕಲ್ವಾ? ಐದರಲ್ಲಿ ಮಾಸ್ಟರ್ ಬಾಯಿ ತೆರೆಯುವ ಮೊದಲೇ ಬಸವರಾಜ "ನಾಳೆ ಬರ್ತೀನ್ರಿ" ಅಂತ ತಿರುಗುತ್ತಾನೆ. ಒಂಬತ್ತರಲ್ಲಿ ಮಾಸ್ಟರ್ ಬಾಯಲ್ಲಿ ಗುಂಡುಪಿನ್ನು, ಮಾತಾಡೋಕೆ ಆಗಲ್ಲ. ಎಲ್ಲರೂ ಅವರ ಮುಖವನ್ನೇ ನೋಡ್ತಾರೆ, ಅಷ್ಟೇ. ನಕ್ಷೆಯಲ್ಲಿ ಪ್ರತಿ ಕಂತಿನ ಮುಂದೆ ಈ ಮಾತು ಯಾರದು, ಹೇಗೆ ಅಂತ ಬರೆದಿರುತ್ತೇನೆ.

ಏಳನೇ ಕಂತು ನೋಡಿ. ಮೊದಲ ಮೂರು ಸೆಕೆಂಡಿನಲ್ಲೇ ಮಾಸ್ಟರ್ ಪ್ಯಾಂಟು ಎತ್ತಿ ತೋರಿಸ್ತಾರೆ: "ರೆಡಿ ಐತ್ರಿ!" ಬಸವರಾಜನಿಗೆ ನಂಬಿಕೆಯೇ ಬರಲ್ಲ, ಸಿಹಿ ತರಿಸ್ತಾನೆ. ಬರೀ ಇಸ್ತ್ರಿ ಬಾಕಿ. ಮಾಸ್ಟರ್ ಇಸ್ತ್ರಿಪೆಟ್ಟಿಗೆ ಕೈ ಹಾಕ್ತಾರೆ, ಕರೆಂಟ್ ಹೋಗುತ್ತದೆ. ಕತ್ತಲಲ್ಲಿ ದನಿ ಮಾತ್ರ: "ನಾಳೆ ಬರ್ರಿ." ಮಾತು ಜಾಸ್ತಿ ಬೇಡ. ಗಡಿಯಾರ ಹಿಡಿದು ಓದಿ ನೋಡ್ತೇನೆ, ಐವತ್ತು ಪದ ದಾಟಿದರೆ ನಟರು ಓಡೋಕೆ ಶುರು ಮಾಡ್ತಾರೆ, ನಗೋಕೆ ಜಾಗ ಇರಲ್ಲ.

ದೊಡ್ಡ ಕತೆ 1, 6, 11, 16, 20ನೇ ಕಂತುಗಳಲ್ಲಿ ಮಾತ್ರ ಮುಂದೆ ಹೋಗುತ್ತದೆ. ಹನ್ನೊಂದರಲ್ಲಿ ಚಿಂತೆಯಿಂದ ಬಸವರಾಜ ಸೊರಗಿರ್ತಾನೆ, ಅಳತೆ ಮತ್ತೆ ತಗೋಬೇಕು. ಹದಿನಾರರಲ್ಲಿ ಮದುಮಗಳೇ ಅಂಗಡಿಗೆ ಬರ್ತಾಳೆ. ಎಲ್ಲಾ ಕಂತಿನಲ್ಲೂ ಕತೆ ತುರುಕಿದರೆ "ನಿನ್ನೆ ಹೇಳಿದ್ದೆನಲ್ಲ" ಅನ್ನೋ ಸಾಲು ನುಸುಳುತ್ತದೆ. ಆ ಸಾಲು ಕಂಡರೆ ಆ ಕಂತನ್ನು ಒಡೆದು ಬರೀತೇನೆ. ಜನ ಫೋನಿನಲ್ಲಿ ಹನ್ನೆರಡನೆಯದನ್ನೇ ಮೊದಲು ನೋಡಬಹುದು, ಅವರಿಗೆ ನಿನ್ನೆಯದು ಗೊತ್ತಿರಲ್ಲ.

ಅದಕ್ಕೇ ಮೊದಲ ಕಂತಿನಲ್ಲೇ ಗೋಡೆಯ ಕರಿಹಲಗೆಯ ಮೇಲೆ ರೇಣುಕಕ್ಕ ಬರೆದಿರ್ತಾಳೆ: "ಮದುವೆಗೆ 20 ದಿನ." ಕಂತಿಗೊಂದು ದಿನ ಇಳಿಯುತ್ತದೆ. ಯಾರು ಎಲ್ಲಿಂದ ನೋಡಿದರೂ ಅವಸರ ಎಷ್ಟಿದೆ ಅಂತ ತಿಳಿಯುತ್ತದೆ. ಚಿತ್ರೀಕರಣವೂ ಸಾಲಾಗಿ ನಡೆಯಲ್ಲ, ಹಾಗಾಗಿ ಆ ಅಂಕಿಯನ್ನು ನಕ್ಷೆಯಲ್ಲೇ ಬರೆದಿಡ್ತೇವೆ. ತಪ್ಪಿದರೆ ಕಂತೇ ಹಾಳು.

ಇಪ್ಪತ್ತರಲ್ಲಿ ಒಂದೇ ದಿನ ಬಾಕಿ. ಪ್ಯಾಂಟು ಕೈಗೆ ಬಂತು. ಮಾಸ್ಟರ್ ದುಡ್ಡು ಕೇಳ್ತಾರೆ. ಬಸವರಾಜ ಬೈಕ್ ಹತ್ತುತ್ತಾ, "ನಾಳೆ ಬರ್ರಿ!"